ಕಾಲಿನ ಮೇಲಿನ ಕೆಂಪು ಗೆರೆ: ನಾಲ್ಕನೇ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ನಾಲ್ಕನೇ ತರಗತಿಯ ಮೂವರು ಮಕ್ಕಳ ಪಾದದ ಮೇಲೆ ಅಂಕುಡೊಂಕಾದ ಕೆಂಪು ಗೆರೆ ಎದ್ದಿದೆ, ವಿಪರೀತ ತುರಿಕೆಯೂ ಇದೆ. ಇದು ನಿಮಗೆಲ್ಲ ಆಗಲೇ ಗೊತ್ತಾಗಿದೆ. "ಆ ಮಕ್ಕಳನ್ನು ಸ್ವಲ್ಪ ದಿನ ಮನೆಯಲ್ಲೇ ಇರಿಸಿಕೊಳ್ಳೋಕೆ ಹೇಳಿ ಮೇಡಂ" ಎಂದು ಹಲವರು ಫೋನ್ ಮಾಡಿದ್ದೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ನಾನು ಮಾಡುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಈ ಗೆರೆಗೆ ಕಾರಣ ನಾಯಿ, ಬೆಕ್ಕುಗಳ ಹೊಟ್ಟೆಯಲ್ಲಿರುವ ಕೊಕ್ಕೆಹುಳದ ಮರಿ. ನಾಯಿ ಮರಳಿನಲ್ಲಿ ಹೇಲು ಹಾಕಿದರೆ ಅದರ ಜೊತೆ ಮೊಟ್ಟೆಗಳೂ ಬೀಳುತ್ತವೆ. ನೆರಳು, ಬೆಚ್ಚಗಿನ ತೇವ ಇದ್ದರೆ ಒಂದೆರಡು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ವಾರ ಹತ್ತು ದಿನದಲ್ಲಿ ಆ ಮರಿ ಬರಿಗಾಲಿನ ಚರ್ಮದೊಳಗೆ ನುಗ್ಗುವಷ್ಟು ಬೆಳೆದಿರುತ್ತದೆ. ನಮ್ಮ ಲಾಂಗ್ ಜಂಪ್ ಗುಂಡಿ ಇರುವುದು ಹೊಂಗೆ ಮರದ ಕೆಳಗೆ. ಮಳೆ ಬಂದರೆ ಮರಳು ನಾಲ್ಕು ದಿನ ಒಣಗುವುದಿಲ್ಲ. ಹಿಂದಿನ ಗೇಟಿನ ಸಂದಿಯಲ್ಲಿ ರಾತ್ರಿ ನಾಯಿಗಳು ಒಳಗೆ ಬರುತ್ತಿದ್ದವು. ಅದನ್ನು ನಾವು ಮೊದಲೇ ನೋಡಿಕೊಳ್ಳಬೇಕಿತ್ತು. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆದರೆ ಈ ಹುಳಕ್ಕೆ ಮನುಷ್ಯ ಸರಿಯಾದ ಮನೆಯಲ್ಲ. ನಾಯಿಯಲ್ಲಾದರೆ ಅದು ಚರ್ಮ ದಾಟಿ ಕರುಳಿಗೆ ಹೋಗಿ, ದೊಡ್ಡದಾಗಿ, ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಚರ್ಮದ ಮೇಲ್ಪದರ ದಾಟಿ ಕೆಳಗಿಳಿಯಲು ಸಾಮಾನ್ಯವಾಗಿ ಅದಕ್ಕೆ ಆಗುವುದಿಲ್ಲ. ದಾರಿ ಸಿಗದೆ ಅಲ್ಲೇ ಸುತ್ತಾಡುತ್ತದೆ. ಆ ಸುತ್ತಾಟವೇ ನಿಮಗೆ ಕಾಣುವ ಗೆರೆ. ಅದು ಮಗುವಿನ ಕಾಲಿನಲ್ಲಿ ದೊಡ್ಡದಾಗಲ್ಲ, ಮೊಟ್ಟೆ ಇಡಲ್ಲ. ಮೊಟ್ಟೆಯೇ ಇಲ್ಲದ ಮೇಲೆ ಪಕ್ಕದ ಮಗುವಿಗೆ ಹರಡುವುದು ಹೇಗೆ? ಒಂದೇ ಬೆಂಚಿನಲ್ಲಿ ಕೂತರೂ, ಡಬ್ಬಿ ಹಂಚಿಕೊಂಡು ತಿಂದರೂ, ಕೈ ಹಿಡಿದು ಆಡಿದರೂ ಅಂಟುವುದಿಲ್ಲ. ಮರಳಿನಿಂದ ಕಾಲಿಗೆ ಬರುತ್ತದೆ, ಅಷ್ಟೇ. ಮಗುವಿನಿಂದ ಮಗುವಿಗೆ ಬರಲ್ಲ.

ಒಬ್ಬ ತಾಯಿಯ ಒಪ್ಪಿಗೆ ಪಡೆದು ಅವರ ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಮೊದಲು ಮಗುವಿನ ಹೆಬ್ಬೆರಳ ಹತ್ತಿರ ಸೊಳ್ಳೆ ಕಚ್ಚಿದಂಥ ಒಂದು ಗುಳ್ಳೆ ಎದ್ದಿತು. ಎರಡು ದಿನ ಬಿಟ್ಟು ಅಲ್ಲಿಂದ ದಾರದಷ್ಟು ಸಣ್ಣ ಗೆರೆ ಹೊರಟಿತು. ಅಜ್ಜಿ ಸರ್ಪಸುತ್ತು ಅಂದುಕೊಂಡು ಕೆಮ್ಮಣ್ಣು ಹಚ್ಚಿದರು. ಮೆಡಿಕಲ್ ಸ್ಟೋರಿನವರು ಹುಳುಕಡ್ಡಿ ಕ್ರೀಮ್ ಕೊಟ್ಟರು. ತುರಿಕೆ ಇನ್ನೂ ಜಾಸ್ತಿಯಾಗಿ ಮಗು ರಾತ್ರಿ ಅಳುತ್ತಿತ್ತು. ಕೊನೆಗೆ ಆ ತಾಯಿ ಗೆರೆ ಮುಗಿಯುವ ಜಾಗದಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟರು. ಬೆಳಿಗ್ಗೆ ನೋಡಿದರೆ ಗೆರೆ ಚುಕ್ಕೆ ದಾಟಿ ಒಂದು ಬೆರಳಿನ ಅಗಲ ಮುಂದೆ ಹೋಗಿತ್ತು! ಸರ್ಪಸುತ್ತಿನಲ್ಲಿ ನೀರು ತುಂಬಿದ ಗುಳ್ಳೆಗಳ ಗೊಂಚಲು, ಉರಿ ಇರುತ್ತದೆ. ಹುಳುಕಡ್ಡಿ ಬಳೆಯಂತೆ ದುಂಡಗಿರುತ್ತದೆ. ಎರಡೂ ಹೀಗೆ ದಾರಿ ಮಾಡಿಕೊಂಡು ಸಾಗುವುದಿಲ್ಲ. ಚರ್ಮದ ಡಾಕ್ಟರು ನೋಡಿದ ತಕ್ಷಣ ಗುರುತಿಸಿ, ಮಗುವಿನ ತೂಕ ನೋಡಿ ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟರು. ಕೆಲವು ದಿನದಲ್ಲೇ ತುರಿಕೆ ನಿಂತಿತು. ಗೆರೆಯ ಗುರುತು ಮಾಸುತ್ತಾ ಇದೆ.

ಗೆರೆಯ ತುದಿಗೆ ಸೂಜಿ ಕಾಯಿಸಿ ಇಡುವುದು, ಐಸ್ ಒತ್ತುವುದು ಬೇಡವೇ ಬೇಡ. ಹುಳ ಇರುವುದು ಕಾಣುವ ತುದಿಯಲ್ಲಲ್ಲ. ಅದು ಒಂದೆರಡು ಸೆಂಟಿಮೀಟರ್ ಮುಂದೆ ಹೋಗಿರಬಹುದು. ಸುಮ್ನೆ ಮಗುವಿನ ಕಾಲು ಸುಡುತ್ತದೆ. "ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಟ್ಟಿದ್ರಲ್ಲ" ಎಂದೂ ಒಬ್ಬರು ಕೇಳಿದರು. ಆ ಒಂದು ಮಾತ್ರೆ ಆಗ ಕರುಳಿನಲ್ಲಿದ್ದ ಹುಳಕ್ಕೆ. ಆಮೇಲೆ ಕಾಲಿಗೆ ನುಗ್ಗುವುದನ್ನು ಅದು ತಡೆಯುವುದಿಲ್ಲ. ಔಷಧಿ ಇಲ್ಲದೆಯೂ ಹುಳ ಕೊನೆಗೆ ತಾನೇ ಸಾಯುತ್ತದೆ, ನಿಜ. ಆದರೆ ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಷ್ಟರಲ್ಲಿ ಕೆರೆದು ಕೆರೆದು ಗಾಯವಾಗಿ ಕೀವು ತುಂಬಿದರೆ ಅದೇ ದೊಡ್ಡ ತೊಂದರೆ.

ಗುಂಡಿಯ ಮರಳನ್ನು ಪೂರ್ತಿ ತೆಗೆಸಿದ್ದೇವೆ. ಹೊಸ ಗುಂಡಿ ಬಿಸಿಲು ಬೀಳುವ ಕಡೆ ಬರುತ್ತದೆ. ಸಂಜೆ ಟಾರ್ಪಾಲಿನ್ ಮುಚ್ಚಿ, ಬೆಳಿಗ್ಗೆ ತೆಗೆದು ಮರಳು ಕೆದಕಿ ಒಣಗಿಸುತ್ತೇವೆ. ಗೇಟಿನ ಸಂದಿಗೆ ತಗಡು ಹೊಡೆಸಿದ್ದಾಗಿದೆ. ನಿಮ್ಮಿಂದ ಕೇಳುವುದು ಇಷ್ಟೇ: ಆಟದ ಪೀರಿಯಡ್ ಇರುವ ದಿನ ಚಪ್ಪಲಿ ಬೇಡ, ಕ್ಯಾನ್ವಾಸ್ ಶೂ ಹಾಕಿ ಕಳಿಸಿ.

ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ಅಂಟುವ ಕಾಯಿಲೆ ಅಲ್ಲ. ಮೊನ್ನೆ ಆ ಮೂವರಲ್ಲಿ ಒಬ್ಬಳು ನನ್ನ ರೂಮಿಗೆ ಬಂದು, "ಮಿಸ್, ನನ್ನ ಪಕ್ಕ ಯಾರೂ ಕೂರ್ತಿಲ್ಲ" ಅಂದಳು. ಕಾಲನ್ನು ಲಂಗದೊಳಗೆ ಮುದುರಿಕೊಂಡು ನಿಂತಿದ್ದಳು. ಸೋಮವಾರದಿಂದ ಮೂವರೂ ತಮ್ಮ ಹಳೆಯ ಜಾಗದಲ್ಲೇ ಕೂರುತ್ತಾರೆ. ದಯವಿಟ್ಟು ಮನೆಯಲ್ಲಿ ನಿಮ್ಮ ಮಕ್ಕಳಿಗೂ ಇದನ್ನು ತಿಳಿಸಿ ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಬೆಂಗಳೂರು