ತುಮಕೂರು ದಾಟಿದ ಮೇಲೆ ಎಚ್ಚರವಾದರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ರೈಲಿನಲ್ಲಿ ಮಲಗಿಬಿಟ್ಟು, ತುಮಕೂರು ದಾಟಿ ತಿಪಟೂರಿನವರೆಗೆ ಹೋಗಿ ದಂಡ ಕಟ್ಟಿದ್ದಕ್ಕೆ ಫೋನಿನಲ್ಲಿ ನೀನು ಅಷ್ಟು ರೇಗಾಡುತ್ತಿದ್ದಾಗ ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಸುಮ್ನಿದ್ದೆ. ಈಗ ಬರೆಯುತ್ತಿದ್ದೇನೆ. ಬೆಂಗಳೂರಿಂದ ತುಮಕೂರಿಗೆ ದಿನಾ ಓಡಾಡುವ ನಮ್ಮ ಪಾಸಿನ ಗುಂಪಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರಾಗಬೇಡ.

‘ನಿದ್ದೆ ಬಂದಿದ್ದಕ್ಕೆ ದಂಡ ಹಾಕ್ತಾರಾ?’ ಅಂತ ಕೇಳಿದೆಯಲ್ಲ. ನಿದ್ದೆಗೆ ಹಾಕಿಲ್ಲ ಕಣೋ. ನಿನ್ನ ಪಾಸ್ ತುಮಕೂರಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಒಂದು ಸ್ಟೇಷನ್ ಹೋದರೂ, ಪಾಸ್ ಇಲ್ಲದ ದೂರ ಪ್ರಯಾಣ ಮಾಡಿದ ಲೆಕ್ಕ. 1989ರ ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ಇದಕ್ಕೇ ಇರುವುದು. ಹೆಚ್ಚು ಹೋದ ದೂರದ ಚಾರ್ಜು ಕೊಡಬೇಕು. ಅದರ ಮೇಲೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ತುಮಕೂರಿಂದ ತಿಪಟೂರಿಗೆ ಜನರಲ್ ಬೋಗಿಯ ಚಾರ್ಜು ಸಣ್ಣದು. ನಿನ್ನ ಕೈಯಿಂದ ಹೋಗಿದ್ದರಲ್ಲಿ ಮುಕ್ಕಾಲುಪಾಲು ಆ 250. ಅದು ಉಳಿಯಬಹುದಿತ್ತು. ಹೇಗೆ ಅಂತ ಹೇಳುತ್ತೇನೆ, ಆದರೆ ಮೊದಲು ಇನ್ನೊಂದು ಮಾತಿದೆ.

ಎಚ್ಚರವಾದ ಕೂಡಲೇ ಬ್ಯಾಗ್ ಹಿಡಿದು ಬಾಗಿಲಿಗೆ ಓಡಿದೆ ಅಂದೆಯಲ್ಲ, ಅದನ್ನು ಕೇಳಿ ನನಗೆ ಹೆದರಿಕೆಯಾಯಿತು. ಗುಬ್ಬಿ ಹತ್ತಿರ ಎಲ್ಲೋ ಸಿಗ್ನಲ್‌ಗೆ ಗಾಡಿ ನಿಂತಿತ್ತು, ಇಳಿದುಬಿಡೋಣ ಅನ್ನಿಸಿತು ಅಂದೆ. ಅಲ್ಲಿ ಈಗ ಜೋಡಿ ಹಳಿ ಇದೆ. ಕತ್ತಲಲ್ಲಿ ತಪ್ಪು ಕಡೆ ಇಳಿದರೆ ನೀನು ನಿಲ್ಲುವುದು ಎದುರು ಬರುವ ಗಾಡಿಯ ಹಳಿ ಮೇಲೆ. ಈ ಕಡೆ ಇಳಿದರೂ ಜಲ್ಲಿಕಲ್ಲಿನ ಇಳಿಜಾರು, ಪ್ಲಾಟ್‌ಫಾರ್ಮ್ ಇಲ್ಲ, ರಸ್ತೆ ಎಲ್ಲಿದೆ ಅಂತ ಗೊತ್ತಾಗಲ್ಲ. ಚೈನ್ ಎಳೆಯುವ ಯೋಚನೆಯೂ ಬೇಡ. ನಿದ್ದೆ ಮಾಡಿ ಊರು ದಾಟಿದ್ದು ಸರಿಯಾದ ಕಾರಣ ಅಂತ ಯಾರೂ ಒಪ್ಪುವುದಿಲ್ಲ. 141ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ ಆಗಬಹುದು. ಊರು ಹೇಗಿದ್ದರೂ ಹಿಂದೆ ಹೋಗಿಯಾಗಿದೆ. ಗಾಡಿ ತಾನಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದೊಂದೇ ಈಗ ಗೊತ್ತಾಗಬೇಕಾದ್ದು.

ಅದಕ್ಕೆ ಫೋನ್ ಸಾಕು. ‘ವೇರ್ ಈಸ್ ಮೈ ಟ್ರೈನ್’ ಆ್ಯಪ್ ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ನೋಡಿಕೊಂಡು ಗಾಡಿ ಎಲ್ಲಿದೆ ಅಂತ ತೋರಿಸುತ್ತದೆ. ಅದೂ ಇಲ್ಲ ಅಂದರೆ ಪಕ್ಕದವರನ್ನು ಕೇಳು. ಅರಸೀಕೆರೆಯ ಕಡೆ ಹೋಗುವವರಿಗೆ ಯಾವ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಬಾಯಿಪಾಠ ಇರುತ್ತದೆ. ಪ್ಯಾಸೆಂಜರ್ ಆದರೆ ಗುಬ್ಬಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ತುಮಕೂರು ಇಪ್ಪತ್ತು ಕಿಲೋಮೀಟರ್ ಆಸುಪಾಸು ಅಷ್ಟೇ. ಎಕ್ಸ್‌ಪ್ರೆಸ್ ಆದರೆ ಕೆಲವು ಸೀದಾ ತಿಪಟೂರಿಗೆ, ಇನ್ನು ಕೆಲವು ಅರಸೀಕೆರೆಗೇ ಹೋಗಿ ನಿಲ್ಲುತ್ತವೆ. ಹಿಂದೆ ಒಂಟಿ ಹಳಿ ಇದ್ದಾಗ ಕ್ರಾಸಿಂಗ್‌ಗೆ ಅಂತ ಸಣ್ಣ ಸ್ಟೇಷನ್ನುಗಳಲ್ಲಿ ಕಾಯಿಸುತ್ತಿದ್ದರು, ಆಗ ಅಲ್ಲೆಲ್ಲಾದರೂ ಇಳಿಯಬಹುದಿತ್ತು. ಈಗ ಅದು ಕಡಿಮೆ.

ಇನ್ನು ಟಿಕೆಟ್ ವಿಷಯ. ಟಿಟಿಇ ನಿನ್ನ ಹತ್ತಿರ ಬರುವ ಮೊದಲು ನೀನೇ ಅವರ ಹತ್ತಿರ ಹೋಗಬೇಕು. ನೀನು ಮಾಡಿದ್ದು ಉಲ್ಟಾ. ತಿಪಟೂರು ಬರುವವರೆಗೆ ಬಾಗಿಲ ಬಳಿ ನಿಂತೆ, ಅವರು ಬಂದು ಕೇಳಿದಾಗ ಪಾಸ್ ತೋರಿಸಿದೆ, ಆಮೇಲೆ ನಿದ್ದೆಯ ಕಥೆ ಹೇಳಿದೆ. ಅವರು ದಿನಾ ಕೇಳುವ ಕಥೆ ಅದು. ನಿಜ ಹೇಳುವವನೂ ಹಾಗೇ ಹೇಳುತ್ತಾನೆ, ಸುಳ್ಳು ಹೇಳುವವನೂ ಹಾಗೇ ಹೇಳುತ್ತಾನೆ. ಅವರಿಗೆ ಹೇಗೆ ಗೊತ್ತಾಗಬೇಕು ಹೇಳು? ಅದೇ, ಎಚ್ಚರವಾದ ಕೂಡಲೇ ಹುಡುಕಿಕೊಂಡು ಹೋಗಿ ‘ಸಾರ್, ಪಾಸ್ ತುಮಕೂರಿಗಿದೆ, ಮಲಗಿಬಿಟ್ಟೆ, ತಿಪಟೂರಿಗೆ ಟಿಕೆಟ್ ಬರೆದುಕೊಡಿ’ ಅಂದಿದ್ದರೆ ಮುಂದಿನ ದೂರದ ಚಾರ್ಜು ಮಾತ್ರ ತೆಗೆದುಕೊಂಡು ರಸೀದಿ ಕೊಡಬಹುದಿತ್ತು. ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ಇದಕ್ಕೆ ಜಾಗ ಇದೆ. ಆಮೇಲೆ ಹಣ ಕಟ್ಟುವ ಷರತ್ತಿನ ಮೇಲೆ ಪ್ರಯಾಣಕ್ಕೆ ಅನುಮತಿ ಚೀಟಿ ಕೊಡುವ ಅಧಿಕಾರ ರೈಲ್ವೆ ಸಿಬ್ಬಂದಿಗೆ ಇದೆ. ಆ ಚೀಟಿ ಕೈಯಲ್ಲಿದ್ದರೆ 250ರ ಬಾಬತ್ತು ಬರುವುದಿಲ್ಲ. ಅವರು ಚೀಟಿ ಕೊಡಲೇಬೇಕು ಅಂತೇನಿಲ್ಲ, ಅದು ಅವರ ವಿವೇಚನೆ. ಆದರೂ ಮೊದಲೇ ಹೋಗಿ ಹೇಳಿದವನ ಮಾತಿಗೆ ತೂಕ ಜಾಸ್ತಿ.

ಜನರಲ್ ಬೋಗಿಯಲ್ಲಿ ಟಿಟಿಇ ಸಿಗುವುದೇ ಅಪರೂಪ ಅನ್ನುತ್ತೀಯ. ಒಪ್ಪಿದೆ. ಹಾಗಾದರೆ ಗಾಡಿ ನಿಂತ ಕಡೆ ಇಳಿದು, ಗೇಟಿನ ಕಡೆಗೆ ಹೋಗದೆ, ಮೊದಲು ಸ್ಟೇಷನ್ ಮಾಸ್ಟರ್ ರೂಮಿಗೆ ಹೋಗಿ ಹೇಳು. ಗೇಟಿನಲ್ಲಿ ಹಿಡಿದ ಮೇಲೆ ಹೇಳಿದರೆ ಅದೇ ಹಳೇ ಕಥೆ. ಇನ್ನೊಂದು ಉಪಾಯ ನಮ್ಮ ಹುಡುಗರು ಮಾಡುತ್ತಾರೆ: ಓಡುವ ಗಾಡಿಯಲ್ಲೇ ಮೊಬೈಲಿನಲ್ಲಿ ಟಿಕೆಟ್ ತೆಗೆಯಲು ನೋಡುತ್ತಾರೆ. ಜನರಲ್ ಟಿಕೆಟ್ ಆ್ಯಪ್ ನೀನಿರುವ ಜಾಗ ನೋಡುತ್ತದೆ, ಹಳಿಯ ಹತ್ತಿರ ಇದ್ದರೆ ಕೊಡುವುದಿಲ್ಲ. ಸ್ಟೇಷನ್ ಒಳಗಿದ್ದರೆ ಅಲ್ಲಿ ಅಂಟಿಸಿರುವ ಕ್ಯೂಆರ್ ಸ್ಕ್ಯಾನ್ ಮಾಡಬೇಕು. ವಾಪಸ್ ಬರುವಾಗ ಅದು ಉಪಯೋಗಕ್ಕೆ ಬರುತ್ತದೆ. ವಾಪಸ್ಸಿಗೂ ಹೊಸ ಟಿಕೆಟ್ ಬೇಕೇ ಬೇಕು, ತಿಪಟೂರಿಂದ ಬರುವಾಗ ನಿನ್ನ ಪಾಸ್ ನಡೆಯುವುದಿಲ್ಲ.

ಎಲ್ಲಿ ಇಳಿಯಬೇಕು ಅನ್ನುವುದು ಹೊತ್ತಿನ ಮೇಲೆ ಹೋಗುತ್ತದೆ. ರಾತ್ರಿ ಒಂಬತ್ತು, ಹತ್ತು ಗಂಟೆಯಾದರೆ ಗುಬ್ಬಿ, ತಿಪಟೂರು ಎರಡೂ ಸರಿ. ಎರಡೂ ಬಿ.ಎಚ್. ರಸ್ತೆಯ ಊರುಗಳು. ಶಿವಮೊಗ್ಗದ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ಆ ದಾರಿಯಲ್ಲೇ ಬರುತ್ತವೆ. ಬಸ್ ಹತ್ತುವಾಗ ತುಮಕೂರು ಒಳಗೆ ಹೋಗುತ್ತದಾ, ಬೈಪಾಸಿನಲ್ಲಿ ಇಳಿಸುತ್ತಾರಾ ಅಂತ ಕಂಡಕ್ಟರನ್ನು ಕೇಳಿಕೋ. ಆದರೆ ನಡುರಾತ್ರಿ ದಾಟಿದ್ದರೆ ನಾನಾದರೆ ತಿಪಟೂರಿನಲ್ಲಿ ಇಳಿಯುವುದಿಲ್ಲ. ಇನ್ನೊಂದಿಷ್ಟು ಚಾರ್ಜು ಕೊಟ್ಟು ಅರಸೀಕೆರೆಗೇ ಹೋಗುತ್ತೇನೆ. ಅದು ಜಂಕ್ಷನ್. ಹುಬ್ಬಳ್ಳಿ, ಶಿವಮೊಗ್ಗ, ಹಾಸನದ ಗಾಡಿಗಳು ಸೇರುವ ಜಾಗ, ರಾತ್ರಿಯಿಡೀ ಜನ ಇರುತ್ತಾರೆ, ಬೆಂಗಳೂರಿನ ಕಡೆಗೆ ಗಾಡಿಯೂ ಸಿಗುತ್ತದೆ. ಹತ್ತುವ ಮುಂಚೆ ಆ ಗಾಡಿ ತುಮಕೂರಿನಲ್ಲಿ ನಿಲ್ಲುತ್ತದಾ ಅಂತ ನೋಡಿಕೋ, ಇಲ್ಲದಿದ್ದರೆ ಸೀದಾ ಯಶವಂತಪುರ ನೋಡುತ್ತೀಯ. ಸಂಪಿಗೆ ರೋಡ್, ಬಾಣಸಂದ್ರದಂಥ ಸಣ್ಣ ಸ್ಟೇಷನ್ನಿನಲ್ಲಿ ಅಷ್ಟು ಹೊತ್ತಿನಲ್ಲಿ ಇಳಿದರೆ ಬೆಳಗಿನವರೆಗೆ ಸೊಳ್ಳೆ ಹೊಡೆಯುವುದೇ ಕೆಲಸ.

ಮುಂದಿನ ಸಲಕ್ಕೆ: ಗಡಿಯಾರ ನೋಡಿ ಅಲಾರಂ ಇಡಬೇಡ, ಗಾಡಿ ಲೇಟಾದರೆ ಅದು ಕೆಲಸಕ್ಕೆ ಬಾರದು. ಅದೇ ಆ್ಯಪ್‌ನಲ್ಲಿ ಸ್ಟೇಷನ್ ಹತ್ತಿರ ಬಂದಾಗ ಎಬ್ಬಿಸುವ ಅಲಾರಂ ಇದೆ. ತುಮಕೂರಿಗೆ ಬದಲು ಹಿರೇಹಳ್ಳಿಗೆ ಇಡು. ಕ್ಯಾತಸಂದ್ರ ದಾಟುವಷ್ಟರಲ್ಲಿ ನೀನು ಎದ್ದು ನಿಂತಿರುತ್ತೀಯ. ರೈಲ್ವೆಯವರೇ 139 ನಂಬರಿನಿಂದ ಎಬ್ಬಿಸುವ ಸೌಲಭ್ಯವೂ ಇದೆ, ಆದರೆ ಅದು ರಾತ್ರಿ ಗಾಡಿಯಲ್ಲಿ ಸೀಟು ಬುಕ್ ಮಾಡಿ ಪಿಎನ್‌ಆರ್ ಇರುವವರಿಗೆ. ಪಾಸಿನವರಾದ ನಮಗೆ ಪಿಎನ್‌ಆರ್ ಎಲ್ಲಿಂದ ಬರಬೇಕು!

ಕೊನೆಗೆ ನಿನ್ನ ಭಾವನ ವಿಷಯ. ಎಚ್ಚರವಾದ ಗಾಬರಿಯಲ್ಲಿ ಅವರಿಗೆ ‘ಗುಬ್ಬಿ ಹತ್ತಿರ ಇದ್ದೀನಿ’ ಅಂದುಬಿಟ್ಟೆ. ಪಾಪ, ಅವರು ಬೈಕ್ ತೆಗೆದುಕೊಂಡು ಗುಬ್ಬಿ ಸ್ಟೇಷನ್ನಿಗೆ ಹೋಗಿ ಕಾದರು. ನೀನು ಅಷ್ಟರಲ್ಲಿ ನಿಟ್ಟೂರು ದಾಟಿದ್ದೆ. ಎಲ್ಲಿ ಇಳಿಯುತ್ತೀಯ, ಹೇಗೆ ವಾಪಸ್ ಬರುತ್ತೀಯ ಅಂತ ತೀರ್ಮಾನ ಆದ ಮೇಲೆ ಫೋನ್ ಮಾಡು. ‘ತಿಪಟೂರಲ್ಲಿ ಇಳಿದು ಬಸ್ಸಿಗೆ ಬರ್ತೀನಿ, ನೀವು ಬರೋದು ಬೇಡ’ ಅಂದರೆ ಅವರೂ ಊಟ ಮಾಡಿ ಮಲಗುತ್ತಾರೆ. ಅವರ ಪೆಟ್ರೋಲ್ ದುಡ್ಡು ಇನ್ನೂ ಕೊಟ್ಟಿಲ್ಲವಂತೆ. ಈ ವಾರ ಕೊಟ್ಟುಬಿಡು.

ನಿನ್ನ,
ಶಿವು