ಲೇಖಕಿ ಪರಿಚಯದಲ್ಲಿ ಕಾಯಿಲೆ ಬರೆಯಬೇಕಾ?

ಪ್ರೀತಿಯ ತಂಗಿ,

ಪತ್ರಿಕೆಗೆ ಕಳಿಸಬೇಕೆಂದಿರುವ ಕಥೆಯನ್ನೂ ಅದರ ಜೊತೆಗಿನ ಲೇಖಕಿ ಪರಿಚಯವನ್ನೂ ಓದಿದೆ. ಪರಿಚಯದ ಮೊದಲ ಸಾಲು ಹೀಗಿದೆ: "ಬಾಲ್ಯದಿಂದಲೂ ಮೂರ್ಛೆ ರೋಗದಿಂದ ಬಳಲುತ್ತಿದ್ದರೂ ಛಲ ಬಿಡದೆ ಬರೆಯುತ್ತಿರುವ ಕಥೆಗಾರ್ತಿ." ಇದು ಇರಲಾ, ತೆಗೆಯಲಾ ಅಂತ ಕೇಳಿದ್ದೀಯ. ಈ ಕಥೆಯ ಕೆಳಗೆ ಬೇಡ.

ನಾಚಿಕೊಳ್ಳುವ ವಿಷಯ ಅಂತ ಅಲ್ಲ. ನಿನ್ನದು ಮನೆ ಪಾಲಿಗಾಗಿ ಜಗಳವಾಡುವ ಅಕ್ಕತಂಗಿಯರ ಕಥೆ. ಕೊನೆಯಲ್ಲಿ ತಂಗಿ ಬಾಗಿಲ ಬಳಿ ಕುಸಿದು ಕೂರುತ್ತಾಳೆ. ಪರಿಚಯ ಓದಿದವರು ಅವಳಿಗೂ ಫಿಟ್ಸ್ ಬಂತೇನೋ ಅಂದುಕೊಳ್ಳುತ್ತಾರೆ. ನೀನು ಅವಳ ಸೋಲನ್ನು ಬರೆದಿದ್ದೀಯ, ಅವರು ನಿನ್ನ ಕಾಯಿಲೆಯನ್ನು ಓದುತ್ತಾರೆ. ಅಷ್ಟು ಚೆಂದದ ಕಥೆಗೆ ಹಾಗಾಗುವುದು ನನಗೆ ಇಷ್ಟವಿಲ್ಲ.

ಆದರೆ ಫಿಟ್ಸ್ ಬಂದು ಎಚ್ಚರವಾದ ಮೇಲೆ ಕೆಲ ಹೊತ್ತು ಏನೂ ತಿಳಿಯದೆ ಇರುವ ಬಗ್ಗೆ ಪ್ರಬಂಧ ಬರೆದಿದ್ದೀಯಲ್ಲ, ಅದರ ಕೆಳಗೆ ಹಾಕು. ಇದು ಪಕ್ಕದಲ್ಲಿ ನಿಂತು ನೋಡಿದವರ ಬರಹವಲ್ಲ ಅಂತ ಓದುಗರಿಗೆ ಗೊತ್ತಾಗಬೇಕು. ಸಾಲು ಮಾತ್ರ ಹೀಗಿರಲಿ: "ಕಥೆ, ಪ್ರಬಂಧ ಬರೆಯುತ್ತಾರೆ. ಇವರಿಗೆ ಮೂರ್ಛೆ ರೋಗವಿದೆ." ಬರವಣಿಗೆ ಮೊದಲು, ಕಾಯಿಲೆ ಆಮೇಲೆ. 'ಬಳಲುತ್ತಿದ್ದರೂ', 'ಛಲ ಬಿಡದೆ' ಎರಡನ್ನೂ ತೆಗೆದುಬಿಡು, ಅವು ಮೆಚ್ಚುಗೆಗಿಂತ ಮರುಕವನ್ನೇ ಜಾಸ್ತಿ ತರುತ್ತವೆ. ಹೀಗೆ ಎರಡು ಪರಿಚಯ ಬರೆದಿಟ್ಟುಕೊಂಡರೆ ಪ್ರತಿ ಸಲವೂ ಒದ್ದಾಡಬೇಕಿಲ್ಲ.

ಇನ್ನೊಂದು ವಿಷಯ. ಒಮ್ಮೆ ಅಚ್ಚಾದ ಪರಿಚಯ ಅಲ್ಲೇ ಉಳಿಯುವುದಿಲ್ಲ. ಮುಂದಿನ ಸಂಪಾದಕರು, ಕಾರ್ಯಕ್ರಮ ನಡೆಸುವವರು ನಿನ್ನನ್ನು ಕೇಳದೆ ಅದನ್ನೇ ಎತ್ತಿ ಹಾಕಿಕೊಳ್ಳುತ್ತಾರೆ. ನಾಳೆ ಕೆಲಸ ಕೊಡುವವರು ನಿನ್ನ ಹೆಸರು ಹುಡುಕಿದಾಗಲೂ ಅದೇ ಮೊದಲು ಕಾಣಬಹುದು. ಬೇಕೆನಿಸಿದಾಗ ಸೇರಿಸುವುದು ಸುಲಭ, ಹೊರಗೆ ಹೋದದ್ದನ್ನು ವಾಪಸ್ ತರುವುದು ಆಗದ ಮಾತು. ಪ್ರಬಂಧಕ್ಕೆ ಹಾಕುವ ಮೊದಲೂ ಇದನ್ನು ಯೋಚಿಸು. ಅಲ್ಲೂ ಬೇಡ ಅನಿಸಿದರೆ ಬಿಡು, ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಮಿನುಗುವ ಬೆಳಕು ನಿನಗೆ ಆಗುವುದಿಲ್ಲ ಅಂತ ಕಾರ್ಯಕ್ರಮದವರಿಗೆ ತಿಳಿಯಲಿ ಎಂಬುದೂ ಒಂದು ಕಾರಣ ಅಂದಿದ್ದೀಯ. ಅದಕ್ಕೆ ಪರಿಚಯ ಸರಿಯಾದ ಜಾಗವಲ್ಲ. ಯಾರೋ ಓದಿ, ಅರ್ಥ ಮಾಡಿಕೊಂಡು ಲೈಟ್ ಬದಲಿಸುತ್ತಾರೆ ಅಂತ ಕಾಯುವುದು ಅಪಾಯ. ಒಪ್ಪಿಕೊಳ್ಳುವಾಗಲೇ ನೇರವಾಗಿ ಬರೆ: "ವೇದಿಕೆಯಲ್ಲಿ ಮಿನುಗುವ ಲೈಟ್, ಕ್ಯಾಮೆರಾ ಫ್ಲ್ಯಾಶ್ ಬೇಡ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ."

ಕಥೆ ಕಳಿಸುವಾಗ ಸಂಪಾದಕರಿಗೂ ಒಂದು ಸಾಲು ಸೇರಿಸು: ಪರಿಚಯದಲ್ಲಿ ಏನೇ ಬದಲಾವಣೆ ಮಾಡಿದರೂ ಅಚ್ಚಿಗೆ ಮೊದಲು ನನಗೆ ತೋರಿಸಿ.

ನಿನ್ನ ಅಕ್ಕ