ವಿತರಕರನ್ನು ಬಿಟ್ಟರೆ ಸಾಲದು, ಪ್ಲಾನ್ ಬದಲಾಗಬೇಕು

ಮಾನ್ಯ ಸಂಪಾದಕರೇ,

ಮ್ಯೂಚುವಲ್ ಫಂಡ್ ವಿತರಕರೊಂದಿಗಿನ ಹತ್ತು ವರ್ಷಗಳ ವ್ಯವಹಾರವನ್ನು ಮುಗಿಸಿ, ಹೂಡಿಕೆಯನ್ನು ಡೈರೆಕ್ಟ್ ಪ್ಲಾನ್‌ಗೆ ವರ್ಗಾಯಿಸಿಕೊಳ್ಳುವ ಕೆಲಸದಲ್ಲಿ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ವಿತರಕರಿಲ್ಲದೆ, ಅವರ ಕಮಿಷನ್ ಇಲ್ಲದೆ ಫಂಡ್ ಕಂಪನಿಯಲ್ಲೇ ನೇರವಾಗಿ ಹಣ ಹೂಡುವ ಈ ಡೈರೆಕ್ಟ್ ಪ್ಲಾನ್ ಎಂಬುದು ಹೊಸದೇನೂ ಅಲ್ಲ. ಸೆಬಿಯ ಆದೇಶದಂತೆ 2013ರ ಜನವರಿ 1ರಿಂದ ಎಲ್ಲ ಫಂಡ್ ಕಂಪನಿಗಳೂ ಇದನ್ನು ಕೊಡುತ್ತಿವೆ. ನಾನು ಹೂಡಿಕೆ ಆರಂಭಿಸಿದ್ದು 2014ರ ಡಿಸೆಂಬರಿನಲ್ಲಿ. ಅಂದರೆ ನಾನು ಮೊದಲ ಅರ್ಜಿಗೆ ಸಹಿ ಹಾಕಿದ ದಿನವೇ ಈ ದಾರಿ ತೆರೆದಿತ್ತು, ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು 2024ರ ಅಕ್ಟೋಬರಿನಲ್ಲಿ. ರಜೆಗೆ ಬಂದಿದ್ದ ಮಗಳು ನನ್ನ ಪ್ಯಾನ್ ಸಂಖ್ಯೆ ಹಾಕಿ ಫೋಲಿಯೊ ಎಂದು ಕರೆಯುವ ಎಲ್ಲ ಫಂಡ್ ಖಾತೆಗಳ ಒಟ್ಟು ವಿವರಪಟ್ಟಿಯನ್ನು ತರಿಸಲು ಕುಳಿತಳು. ಒಟಿಪಿ ಬರಲೇ ಇಲ್ಲ. ಎರಡು ಬಾರಿ ಪ್ರಯತ್ನಿಸಿದ ಮೇಲೆ, ಪರದೆಯಲ್ಲಿ ಮರೆಮಾಚಿ ತೋರಿಸುತ್ತಿದ್ದ ಮೊಬೈಲ್ ಸಂಖ್ಯೆಯ ಕೊನೆಯ ಅಂಕೆಗಳು ನನ್ನವಲ್ಲ ಎಂಬುದು ಕಣ್ಣಿಗೆ ಬಿತ್ತು. ಅವು ನಮ್ಮ ವಿತರಕರ ಸಂಖ್ಯೆಯ ಅಂಕೆಗಳು. ಇ-ಮೇಲ್ ವಿಳಾಸವೂ ಅವರದ್ದೇ. ಅರ್ಜಿ ತುಂಬುವಾಗ ಅನುಕೂಲಕ್ಕೆಂದು ಅವರೇ ಹಾಗೆ ಬರೆದುಕೊಂಡಿದ್ದರು, ನಾನು ಓದದೆ ಸಹಿ ಮಾಡಿದ್ದೆ. ಅವರು ನನ್ನ ಹಣ ಮುಟ್ಟಿದರೆಂದು ನಾನು ಹೇಳುತ್ತಿಲ್ಲ. ಹಣ ಹಿಂಪಡೆದರೆ ಅದು ನನ್ನ ಬ್ಯಾಂಕ್ ಖಾತೆಗೇ ಬರಬೇಕು. ಆದರೆ ಇದರಿಂದ ಆದ ನಷ್ಟವೇ ಬೇರೆ. ಆರು ತಿಂಗಳಿಗೊಮ್ಮೆ ಬರುವ ವಿವರಪಟ್ಟಿಯಲ್ಲಿ, ನನ್ನ ಹೂಡಿಕೆಯ ಲೆಕ್ಕದಲ್ಲಿ ವಿತರಕರಿಗೆ ಎಷ್ಟು ಕಮಿಷನ್ ಸಂದಿದೆ ಎಂಬುದನ್ನು ರೂಪಾಯಿಗಳಲ್ಲಿ ನಮೂದಿಸಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ನನಗೆ ತಿಳಿಯಲೆಂದು ಮುದ್ರಿಸುತ್ತಿದ್ದ ಆ ಅಂಕಿ, ಇಷ್ಟು ವರ್ಷವೂ ಕಮಿಷನ್ ಪಡೆಯುವವರ ಅಂಚೆಪೆಟ್ಟಿಗೆಗೇ ಹೋಗುತ್ತಿತ್ತು.

ಪ್ಯಾನ್ ಕಾರ್ಡಿನ ಪ್ರತಿ, ಸಹಿ ಮಾಡಿದ ಬದಲಾವಣೆ ಅರ್ಜಿ ಇವೆರಡನ್ನು ಹಿಡಿದು ರಿಜಿಸ್ಟ್ರಾರ್ ಸಂಸ್ಥೆಯ ಸೇವಾ ಕೇಂದ್ರಕ್ಕೆ ಹೋಗಿ ಮೊಬೈಲ್ ಸಂಖ್ಯೆ, ಇ-ಮೇಲ್ ಎರಡನ್ನೂ ಸರಿಪಡಿಸಿಕೊಂಡೆ. ಬೇರೆ ಬೇರೆ ಫಂಡ್ ಕಂಪನಿಗಳ ದಾಖಲೆಗಳನ್ನು ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಎಂಬ ಎರಡು ರಿಜಿಸ್ಟ್ರಾರ್ ಸಂಸ್ಥೆಗಳು ಹಂಚಿಕೊಂಡು ನೋಡಿಕೊಳ್ಳುತ್ತವೆ. ಆದ್ದರಿಂದ ತಮ್ಮ ಫಂಡ್ ಯಾರ ಬಳಿ ಇದೆಯೆಂದು ಮೊದಲೇ ತಿಳಿದುಕೊಂಡರೆ ಒಂದು ಓಡಾಟ ಉಳಿಯುತ್ತದೆ. ತಿದ್ದುಪಡಿಯಾದ ಮೇಲೆ ಬಂದ ವಿವರಪಟ್ಟಿಯಲ್ಲಿ ಅರ್ಧ ವರ್ಷದ ಕಮಿಷನ್ ಸುಮಾರು ₹4,500 ಎಂದಿತ್ತು. ಇದನ್ನು ಯಾರೂ ನನ್ನ ಖಾತೆಯಿಂದ ಕಡಿತ ಮಾಡಿದ್ದಿಲ್ಲ. ವಿತರಕರ ಮೂಲಕ ಹೂಡುವ ರೆಗ್ಯುಲರ್ ಪ್ಲಾನಿನ ಖರ್ಚಿನೊಳಗೆ ಸೇರಿಕೊಂಡು ದಿನದಿನವೂ ಯೂನಿಟ್‌ನ ಬೆಲೆಯಾದ ಎನ್‌ಎವಿಯಲ್ಲೇ ಕಳೆದುಹೋಗುವುದರಿಂದ ಅದು ಹೂಡಿಕೆದಾರನ ಕಣ್ಣಿಗೆ ಬೀಳುವುದಿಲ್ಲ. ನಾನು ಹಣ ಹಾಕಿದ್ದ ಈಕ್ವಿಟಿ ಫಂಡಿನಲ್ಲಿ ಎರಡು ಪ್ಲಾನ್‌ಗಳ ಖರ್ಚಿನ ನಡುವೆ ವರ್ಷಕ್ಕೆ ಸುಮಾರು ಶೇ 0.8ರ ಅಂತರವಿತ್ತು.

ವಿಷಯ ತಿಳಿದ ಮೇಲೆ ವಿತರಕರ ಮನೆಗೇ ಹೋಗಿ ಮಾತಾಡಿದೆ. ಅವರು ನನ್ನ ಹಳೆಯ ವಿದ್ಯಾರ್ಥಿಯ ಅಣ್ಣ, ಸಭ್ಯರು. "ಮೇಷ್ಟ್ರೇ, ನಿಮ್ಮ ಇಷ್ಟ. ಆದರೆ ಮಾರುಕಟ್ಟೆ ಬಿದ್ದ ದಿನ ಯಾರನ್ನು ಕೇಳ್ತೀರಿ?" ಎಂದರು. ಅದು ತೆಗೆದುಹಾಕುವ ಮಾತಲ್ಲ. 2020ರ ಮಾರ್ಚಿನಲ್ಲಿ ನಾನು ಎಲ್ಲವನ್ನೂ ಮಾರಿಬಿಡುತ್ತೇನೆಂದು ಹೊರಟಾಗ ತಡೆದು ನಿಲ್ಲಿಸಿದವರು ಇವರೇ, ಆ ಉಪಕಾರವನ್ನು ನಾನು ಮರೆತಿಲ್ಲ. ಅಂಥ ಸಲಹೆ ನಿಜಕ್ಕೂ ಬೇಕಾದವರು ರೆಗ್ಯುಲರ್ ಪ್ಲಾನಿನಲ್ಲೇ ಉಳಿಯುವುದು ತಪ್ಪೆಂದು ನಾನು ಹೇಳಲಾರೆ. ನನ್ನ ತಕರಾರು ಇಷ್ಟೇ: ಹತ್ತು ವರ್ಷಗಳಲ್ಲಿ ಒಮ್ಮೆ ಸಿಕ್ಕ ಸಲಹೆಗೆ, ಹೂಡಿಕೆ ಬೆಳೆದಂತೆಲ್ಲ ತಾನೂ ಬೆಳೆಯುವ ಶುಲ್ಕವನ್ನು ಪ್ರತಿ ವರ್ಷ ಕೊಡುತ್ತಿರುವುದು ಕೊಡುವವನಿಗೆ ಗೊತ್ತಿರಬೇಕಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಹೂಡಿಕೆಯಾಗುವ ಎಸ್‌ಐಪಿಯನ್ನು ನಿಲ್ಲಿಸಿ ಎಂದು ವಿತರಕರಿಗೆ ಬಾಯಿಮಾತಿನಲ್ಲಿ ಹೇಳಿ ಬಂದಿದ್ದೆ. ನವೆಂಬರ್ 10ರಂದು ಎಂದಿನಂತೆ ₹5,000 ಖಾತೆಯಿಂದ ಹೋಯಿತು. ಎಸ್‌ಐಪಿ ರದ್ದತಿಯ ಕೋರಿಕೆ ದಾಖಲಾಗದೆ ಏನೂ ನಿಲ್ಲುವುದಿಲ್ಲ, ಹಳೆಯ ಯೂನಿಟ್‌ಗಳನ್ನು ವರ್ಗಾಯಿಸಿದರೂ ಹಳೆಯ ಎಸ್‌ಐಪಿ ರೆಗ್ಯುಲರ್ ಪ್ಲಾನಿಗೇ ಹೋಗುತ್ತಿರುತ್ತದೆ. ನಾನೇ ರದ್ದು ಮಾಡಿಸಿ, ಅದೇ ಫಂಡಿನ ಡೈರೆಕ್ಟ್ ಪ್ಲಾನಿನಲ್ಲಿ ಹೊಸ ಎಸ್‌ಐಪಿ ಆರಂಭಿಸಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯಲ್ಲಿ ಉಳಿದಿದ್ದ ಹಳೆಯ ಅರ್ಜಿ ನಮೂನೆಗಳ ಮೇಲೆ ವಿತರಕರ ನೋಂದಣಿ ಸಂಖ್ಯೆಯಾದ ಎಆರ್‌ಎನ್ ಮೊದಲೇ ಅಚ್ಚಾಗಿರುತ್ತದೆ. ಅಂಥದ್ದರಲ್ಲಿ ಪ್ಲಾನ್ ಯಾವುದೆಂದು ಬರೆಯದೆ ಬಿಟ್ಟರೆ ಹಣ ಪುನಃ ರೆಗ್ಯುಲರ್‌ಗೇ ಸೇರುತ್ತದೆ. ಖಾಲಿ ನಮೂನೆಯನ್ನೇ ತೆಗೆದುಕೊಂಡು, ಎಆರ್‌ಎನ್ ಜಾಗದಲ್ಲೂ ಫಂಡಿನ ಹೆಸರಿನ ಜೊತೆಯಲ್ಲೂ 'ಡೈರೆಕ್ಟ್' ಎಂದು ಸ್ಪಷ್ಟವಾಗಿ ಬರೆಯಬೇಕು.

ಸೇವಾ ಕೇಂದ್ರದಲ್ಲಿ ಸಿಕ್ಕ ಮತ್ತೊಬ್ಬ ಹಿರಿಯರು, ತಾವು ವಿತರಕರನ್ನು ಬಿಟ್ಟು ಎರಡು ವರ್ಷವಾಯಿತೆಂದೂ ಫೋಲಿಯೊದಿಂದ ಅವರ ಸಂಖ್ಯೆಯನ್ನೇ ತೆಗೆಸಿಹಾಕಿದ್ದೇನೆಂದೂ ನೆಮ್ಮದಿಯಿಂದ ಹೇಳಿದರು. ಅವರ ವಿವರಪಟ್ಟಿಯನ್ನು ನೋಡಿದೆ. ಫಂಡಿನ ಹೆಸರಿನ ಮುಂದೆ 'ರೆಗ್ಯುಲರ್ ಪ್ಲಾನ್' ಎಂದೇ ಇತ್ತು. ವಿತರಕರ ಸಂಖ್ಯೆ ಹೋದ ಮಾತ್ರಕ್ಕೆ ಯೂನಿಟ್‌ಗಳು ಡೈರೆಕ್ಟ್ ಆಗುವುದಿಲ್ಲ. ಆ ಯೂನಿಟ್‌ಗಳಿಗೆ ರೆಗ್ಯುಲರ್ ಪ್ಲಾನಿನ ಖರ್ಚು ಹಾಗೆಯೇ ಬೀಳುತ್ತಿರುತ್ತದೆ, ಸೇವೆ ಕೊಡುವವರು ಮಾತ್ರ ಯಾರೂ ಇರುವುದಿಲ್ಲ. ಅವರ ಮುಖ ಬಾಡಿದ್ದನ್ನು ನೋಡಿದ ಮೇಲೆಯೇ ಈ ಪತ್ರ ಬರೆಯಬೇಕೆಂಬ ಮನಸ್ಸಾಯಿತು. ಯೂನಿಟ್‌ಗಳು ಬದಲಾಗಬೇಕಾದರೆ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ 'ಸ್ವಿಚ್' ಕೋರಿಕೆಯನ್ನೇ ಕೊಡಬೇಕು.

ಆದರೆ ಸ್ವಿಚ್ ಎಂದರೆ ತೆರಿಗೆಯ ದೃಷ್ಟಿಯಲ್ಲಿ ಮಾರಾಟ. ಹಣ ನಮ್ಮ ಕೈಗೆ ಬರದಿದ್ದರೂ, ಅದೇ ಫಂಡಿನಲ್ಲೇ ಉಳಿದರೂ, ಹಳೆಯ ಯೂನಿಟ್ ಮಾರಿ ಹೊಸದನ್ನು ಕೊಂಡಂತೆ ಲೆಕ್ಕ. 2024ರ ಜುಲೈ 23ರಿಂದ ಈಕ್ವಿಟಿ ಫಂಡಿನ ದೀರ್ಘಾವಧಿ ಲಾಭಕ್ಕೆ ಶೇ 12.5ರ ತೆರಿಗೆ ಇದೆ, ಒಂದು ಹಣಕಾಸು ವರ್ಷದಲ್ಲಿ ₹1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಒಂದು ವರ್ಷ ತುಂಬದ ಯೂನಿಟ್‌ಗಳ ಲಾಭಕ್ಕೆ ಶೇ 20. ಅಂಥ ಯೂನಿಟ್‌ಗಳ ಮೇಲೆ ಬೇಗ ಹೊರಬಂದದ್ದಕ್ಕೆ ಫಂಡ್ ಕಂಪನಿ ಹಾಕುವ ಎಕ್ಸಿಟ್ ಲೋಡ್ ಎಂಬ ಶುಲ್ಕವೂ ಸಾಮಾನ್ಯವಾಗಿ ಶೇ 1ರಷ್ಟು ಬೀಳುತ್ತದೆ.

ನನ್ನ ಲೆಕ್ಕ ಹೀಗಿತ್ತು. ಹತ್ತು ವರ್ಷ ತಿಂಗಳಿಗೆ ₹5,000ದಂತೆ ಹಾಕಿದ್ದು ₹6 ಲಕ್ಷ, ಮೌಲ್ಯ ಸುಮಾರು ₹12.2 ಲಕ್ಷ, ಲಾಭ ₹6.2 ಲಕ್ಷ. ಎಲ್ಲವನ್ನೂ ಒಂದೇ ದಿನ ಸ್ವಿಚ್ ಮಾಡಿದ್ದರೆ ವಿನಾಯಿತಿ ಕಳೆದು ಉಳಿದ ₹4.95 ಲಕ್ಷಕ್ಕೆ ಸೆಸ್ ಸೇರಿ ₹64,000ಕ್ಕೂ ಹೆಚ್ಚು ತೆರಿಗೆಯಾಗುತ್ತಿತ್ತು. ಡೈರೆಕ್ಟ್‌ನಿಂದ ಉಳಿಯುವುದು ಮೊದಲ ವರ್ಷ ₹9,800ರಷ್ಟು. ಆ ತೆರಿಗೆ ಎಂದಾದರೂ ಮಾರುವಾಗ ಬಹುಪಾಲು ಕೊಡಲೇಬೇಕಾದದ್ದು ಎಂಬುದು ನಿಜ. ಹಾಗಿದ್ದರೂ ಪ್ರತಿ ವರ್ಷ ಸಿಗುವ ₹1.25 ಲಕ್ಷದ ವಿನಾಯಿತಿಯನ್ನು ಬಳಸದೆ ಇಂದೇ ಅಷ್ಟು ಹಣ ಕಟ್ಟುವುದು ನನಗೆ ಸರಿಕಾಣಲಿಲ್ಲ.

ಆದ್ದರಿಂದ ವರ್ಷಕ್ಕಿಷ್ಟರಂತೆ ಸ್ವಲ್ಪ ಸ್ವಲ್ಪವಾಗಿ ಸ್ವಿಚ್ ಮಾಡುವುದೆಂದು ನಿರ್ಧರಿಸಿದೆ. ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೊರಹೋಗುತ್ತವೆಂಬ ನಿಯಮವಿರುವುದರಿಂದ ಹೆಚ್ಚು ಲಾಭದ ಹಳೆಯ ಯೂನಿಟ್‌ಗಳೇ ಮೊದಲು ಲೆಕ್ಕಕ್ಕೆ ಬರುತ್ತವೆ. ನನ್ನ ಎಸ್‌ಐಪಿಯ ಮೊದಲ ಹತ್ತು ಕಂತುಗಳ ₹50,000, ಸುಮಾರು ₹1.74 ಲಕ್ಷವಾಗಿತ್ತು, ಲಾಭ ₹1.24 ಲಕ್ಷ, ವಿನಾಯಿತಿಯ ಒಳಗೇ. ಅಷ್ಟನ್ನು 2025ರ ಮಾರ್ಚ್ ಮಧ್ಯದಲ್ಲಿ ಸ್ವಿಚ್ ಮಾಡಿದೆ. ಏಪ್ರಿಲ್‌ನಲ್ಲಿ ಹೊಸ ಹಣಕಾಸು ವರ್ಷ ಬಂದೊಡನೆ ಮುಂದಿನ ಹನ್ನೊಂದು ಕಂತುಗಳ ಯೂನಿಟ್‌ಗಳನ್ನು ದಾಟಿಸಿದೆ. ಹೀಗೆ ಕೆಲವೇ ವಾರಗಳಲ್ಲಿ ₹3.5 ಲಕ್ಷದಷ್ಟು ಹಣ ತೆರಿಗೆಯಿಲ್ಲದೆ ಡೈರೆಕ್ಟ್‌ಗೆ ಬಂತು. ಉಳಿದದ್ದಕ್ಕೆ ಇನ್ನೂ ನಾಲ್ಕೈದು ವರ್ಷ ಬೇಕಾಗಬಹುದು, ಅಲ್ಲಿಯವರೆಗೆ ಅದರ ಮೇಲಿನ ಕಮಿಷನ್ ವಿತರಕರಿಗೆ ಹೋಗುತ್ತಲೇ ಇರುತ್ತದೆ. ಷೇರು ವ್ಯವಹಾರ ಮಾಡುವವರು ಅದರ ದೀರ್ಘಾವಧಿ ಲಾಭವೂ ಇದೇ ₹1.25 ಲಕ್ಷದೊಳಗೆ ಸೇರುತ್ತದೆಂಬುದನ್ನು ಮರೆಯಬಾರದು. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡಿನಲ್ಲಂತೂ ಪ್ರತಿ ಕಂತಿಗೂ ಮೂರು ವರ್ಷ ತುಂಬುವವರೆಗೆ ಸ್ವಿಚ್ ಸಾಧ್ಯವೇ ಇಲ್ಲ.

ಮಾರ್ಚ್ ಸ್ವಿಚ್‌ನ ವಿವರ ಕೈಗೆ ಬಂದಾಗ ನನ್ನ ಪತ್ನಿ ಗಾಬರಿಯಾದಳು. 1,740 ಯೂನಿಟ್ ಹೋಗಿ ಬಂದದ್ದು 1,582 ಮಾತ್ರ ಎಂದು ಅದರಲ್ಲಿತ್ತು. ಡೈರೆಕ್ಟ್ ಪ್ಲಾನಿನಲ್ಲಿ ಖರ್ಚು ಕಡಿಮೆಯಾದ್ದರಿಂದ ಇಷ್ಟು ವರ್ಷಗಳಲ್ಲಿ ಅದರ ಎನ್‌ಎವಿ ಹೆಚ್ಚು ಬೆಳೆದಿತ್ತು. ರೆಗ್ಯುಲರ್‌ನಲ್ಲಿ ₹100 ಇದ್ದ ದಿನ ಡೈರೆಕ್ಟ್‌ನಲ್ಲಿ ₹110. ಯೂನಿಟ್ ಕಡಿಮೆಯಾದರೂ ಮೊತ್ತ ಅದೇ ₹1.74 ಲಕ್ಷ, ಮುದ್ರಾಂಕ ಶುಲ್ಕವೆಂದು ಹೋದದ್ದು ಒಂಬತ್ತು ರೂಪಾಯಿಗೂ ಕಡಿಮೆ. ಆ ₹10ರ ಅಂತರವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದಾಗ, ಹತ್ತು ವರ್ಷ ನಾವು ಕೊಟ್ಟದ್ದು ಏನೆಂಬುದು ಅವಳಿಗೂ ಅರ್ಥವಾಯಿತು.

ನನಗೆ ಸೇವಾ ಕೇಂದ್ರದಲ್ಲಿ ಕೊಟ್ಟ ಸ್ವಿಚ್ ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಸ್ವಿಚ್ ಮಾಡಿದರೆ ತೆರಿಗೆ ಬರುತ್ತದೆಂದು ಕೌಂಟರಿನಲ್ಲಿ ಯಾರೂ ಹೇಳಲಿಲ್ಲ. ಫೋಲಿಯೊದಲ್ಲಿ ಈಗ ದಾಖಲಾಗಿರುವ ಮೊಬೈಲ್ ಮತ್ತು ಇ-ಮೇಲ್ ಯಾರದು, ಯೂನಿಟ್‌ಗಳು ಯಾವ ಪ್ಲಾನಿನಲ್ಲಿವೆ, ಈಗ ಸ್ವಿಚ್ ಮಾಡಿದರೆ ಲಾಭವೆಷ್ಟು ಎಂಬ ಮೂರು ವಿವರಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ, ಅರ್ಜಿ ಪಡೆಯುವ ಮುನ್ನ ಹೂಡಿಕೆದಾರರಿಗೆ ಕೊಡಬೇಕೆಂದು ಫಂಡ್ ಕಂಪನಿಗಳನ್ನೂ ರಿಜಿಸ್ಟ್ರಾರ್ ಸಂಸ್ಥೆಗಳನ್ನೂ ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ಒಬ್ಬ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕ, ದಾವಣಗೆರೆ